ನಲ್ಲೂರು ತೋಪಿನ ಬಿಸಿಲು

ನನ್ನ ಜಡೆಯಲ್ಲಿ ಹುಣಸೆ ಎಲೆ ಸಿಕ್ಕಿದ ಸಂಜೆಯೇ ನಮ್ಮ ಮನೆಯಲ್ಲಿ ಎರಡು ಅನುಮಾನ ಹುಟ್ಟಿಕೊಂಡವು. ಅತ್ತೆ ಅಮ್ಮಯಮ್ಮನಿಗೆ, ಸೊಸೆಗೆ ಗಾಳಿ ಸೋಕಿದೆ ಎಂದು. ನಮ್ಮ ಯಜಮಾನರಾದ ಬೈರೇಶ್‌ಗೆ, ಹೆಂಡತಿಗೆ ಯಾರೋ ಇದ್ದಾರೆ ಎಂದು. ತಾಯಿ ಮಗ ಒಂದೇ ಎಲೆಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ನೋಡಿದ ರೀತಿ ನೋಡಿದರೆ, ಅದು ಸಾಕ್ಷಿಗೆ ಬಂದ ಎಲೆಯೇ ಇರಬೇಕು.

"ದೇವನಹಳ್ಳಿಯಿಂದ ಹೊಸಕೋಟೆಗೆ ಸ್ಕೂಟರಲ್ಲಿ ಹೋಗೋಳ ತಲೇಲಿ ಹುಣಸೆ ಎಲೆ ಎಲ್ಲಿಂದ ಬತ್ತದೆ?" ಎಂದರು ಅತ್ತೆ.

"ಗಾಳಿಗೆ ಹಾರಿ ಬಂದಿರುತ್ತೆ ಅತ್ತೆ," ಎಂದೆ.

"ಅದೇ ನಾನೂ ಹೇಳ್ತಿರೋದು, ಗಾಳೀಂತ," ಎಂದು ಅವರು ಒಲೆಯತ್ತ ಹೋಗಿ ಒಣಮೆಣಸಿನಕಾಯಿ ಹುಡುಕತೊಡಗಿದರು. ಅಂದು ನನಗೆ ದೃಷ್ಟಿ ತೆಗೆದ ಘಾಟಿಗೆ ಇಡೀ ಬೀದಿಯೇ ಕೆಮ್ಮಿತು.

ನಿಜ ಹೇಳಬೇಕೆಂದರೆ ವಿಷಯ ಬಲು ಸಣ್ಣದು. ಹೊಸಕೋಟೆಯ ಗೋದಾಮೊಂದರಲ್ಲಿ ಲಾರಿಗಳನ್ನು ಕಳಿಸುವ ಆಫೀಸಿನಲ್ಲಿ ನನಗೆ ಕೆಲಸ. ಯಾವ ಲಾರಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಬೆಳಗಿಂದ ಸಂಜೆಯವರೆಗೆ ಫೋನು. ಕಳೆದ ದೀಪಾವಳಿಯ ಸೀಸನ್‌ನಲ್ಲಿ ಒಂದು ದಿನ ಕುರ್ಚಿಯಲ್ಲಿ ಕೂತಿದ್ದವಳಿಗೇ ಎದೆ ಡವಡವ ಹೊಡೆದುಕೊಂಡು, ಬೆರಳು ಜೋಮು ಹಿಡಿದು, ಸತ್ತೇ ಹೋದೆ ಅನ್ನಿಸಿತು. ಡಾಕ್ಟರು ಇಸಿಜಿ ಮಾಡಿದರು, ರಕ್ತ ನೋಡಿದರು, ಥೈರಾಯ್ಡ್ ನೋಡಿದರು. ಎಲ್ಲ ಸರಿ ಇತ್ತು. ಆತಂಕ ಎಂದು ಹೇಳಿ ಸಿಂಧು ಎಂಬ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

"ನನಗೆ ಟೈಮೇ ಇಲ್ಲ ಮೇಡಂ," ಎಂದೆ ಮೊದಲೇ.

ಸಿಂಧು ನಕ್ಕರು. "ವಾರಕ್ಕೊಂದಿನ ಲಾಲ್‌ಬಾಗಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ದಿನಾ ಸ್ವಲ್ಪ ಹೊತ್ತು ಸಾಕು. ಬೆಳಗಿನ ಎಳೆಬಿಸಿಲು ಮೈಮೇಲೆ ಬೀಳ್ಲಿ, ರಾತ್ರಿ ನಿದ್ದೆಗೂ ಒಳ್ಳೇದು. ಸೂರ್ಯನ್ನ ನೇರವಾಗಿ ನೋಡ್ಬೇಡಿ. ಸುತ್ತ ಮರ ಇರೋ ಜಾಗ ಹುಡುಕಿ. ನಿಮಗೆ ಇಷ್ಟ ಆಗೋ ನಿಧಾನದ ಸಂಗೀತ ಸಣ್ಣಗೆ ಹಾಕ್ಕೊಳ್ಳಿ. ಆಗ ಫೋನ್ ಮಾತ್ರ ಬೇಡ. ಇದು ಎಲ್ಲಾನೂ ವಾಸಿ ಮಾಡ್ಬಿಡುತ್ತೆ ಅಂತಲ್ಲ. ಕಮ್ಮಿ ಆಗ್ಲಿಲ್ಲ ಅಂದ್ರೆ ಮತ್ತೆ ಬನ್ನಿ, ಬೇರೆ ಚಿಕಿತ್ಸೆ ಇದೆ."

ನನ್ನ ದಾರಿಯಲ್ಲೇ ನಲ್ಲೂರಿನ ಹುಣಸೆತೋಪು. ಕಾಲು ಗಂಟೆ ಮುಂಚೆ ಮನೆ ಬಿಟ್ಟರೆ ಆಯಿತು. ಗಂಟು ಗಂಟಾದ ಒಂದು ಬೇರಿನ ಮೇಲೆ, ಎಲೆಗಳ ಸಂದಿನಿಂದ ಬಿಸಿಲು ಬೀಳುವ ಕಡೆ ಕೂರುತ್ತಿದ್ದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮೊದಲೇ ಇಳಿಸಿಟ್ಟುಕೊಂಡ ಕೊಳಲಿನ ಸಂಗೀತವನ್ನು ಇಯರ್‌ಫೋನಿನಲ್ಲಿ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದೆ. ಮೊದಲ ವಾರ ಏನೂ ಆಗಲಿಲ್ಲ, ಇರುವೆ ಕಚ್ಚಿತು ಅಷ್ಟೆ. ಆಮೇಲೆ ಉಸಿರು ತಾನಾಗಿ ಕೊಳಲಿನ ಜೊತೆ ನಿಧಾನವಾಯಿತು. ಆಫೀಸಿನಲ್ಲಿ ಫೋನು ಹೊಡೆದುಕೊಂಡರೆ ಬೆಚ್ಚಿಬೀಳುವುದು ಕಡಿಮೆಯಾಯಿತು. ಎಷ್ಟೋ ತಿಂಗಳ ಮೇಲೆ ನೆಟ್ಟಗೆ ನಿದ್ದೆ ಮಾಡಿದೆ.

ಮನೆಯಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಅತ್ತೆ ನನ್ನನ್ನು ಯಂತ್ರ ಕಟ್ಟುವವನ ಬಳಿ ಎಳೆದುಕೊಂಡು ಹೋಗುತ್ತಿದ್ದರು. ಹುಣಸೆಮರದ ಕೆಳಗೆ ಹೆಂಗಸರು ಕೂರಬಾರದು, ಅಲ್ಲಿ ದೆವ್ವ ಇರುತ್ತದೆ ಎಂಬುದು ಅವರ ಪಾಲಿಗೆ ಸೂರ್ಯ ಹುಟ್ಟುವಷ್ಟೇ ಸತ್ಯ. ಇನ್ನು ನಮ್ಮ ಯಜಮಾನರು. ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ; ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ ಕೇಳಿ ಹೆಂಡತಿಯನ್ನೂ ಹಾಗೇ ಕೇಳುವುದು ರೂಢಿಯಾಗಿತ್ತು. "ಎಲ್ಲಿದ್ದೀಯ?" ಹೊರಟಾಗ ಒಮ್ಮೆ, ಆಫೀಸು ಮುಟ್ಟಿದಾಗ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ. ಯಾರೂ ಹಾಗೆ ಕೇಳದ ಹೊತ್ತು ನನಗೆ ಅದೊಂದೇ ಆಗಿತ್ತು. ಅದನ್ನು ಬಾಯಿಬಿಟ್ಟು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಆದರೆ ಏರೋಪ್ಲೇನ್ ಮೋಡ್ ಕೈಕೊಟ್ಟಿತು. "ದಿನಾ ಅದೇ ಹೊತ್ತಿಗೆ ನಿನ್ನ ಫೋನ್ ಯಾಕೆ ಸಿಗಲ್ಲ?" ಎಂದು ಒಂದು ಸಂಜೆ ಯಜಮಾನರು ಕೇಳಿದರು.

"ದಾರೀಲಿ ಸಿಗ್ನಲ್ ಇಲ್ಲ," ಎಂದೆ.

"ಓಹೋ," ಎಂದರು. ಆ ಓಹೋ ನನಗೆ ಹಿಡಿಸಲಿಲ್ಲ.

ಅದಾದ ಕೆಲವೇ ದಿನಕ್ಕೆ ತೋಪಿನಲ್ಲಿ ಕುರಿ ಮೇಯಿಸುವ ಪಿಳ್ಳಪ್ಪ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ತಾಯಿ, ಒಬ್ಬ ಹೆಲ್ಮೆಟ್ಟು ಹಾಕ್ಕೊಂಡೋನು ನಿನ್ನೇನೂ ಬಂದಿದ್ದ, ಮೊನ್ನೇನೂ ಬಂದಿದ್ದ. ಮರದ ಹಿಂದೆ ನಿಂತ್ಕೊಂಡು ನೋಡ್ತಾನೆ. ಸೈಟ್ ಬ್ರೋಕರ್ರೇ ಇರಬೇಕು, ತೋಪು ಅಳೀತವ್ನೆ."

ಬ್ರೋಕರ್ ಆದವನು ಮರ ಅಳೆಯುವುದು ಬಿಟ್ಟು ನನ್ನನ್ನು ಯಾಕೆ ಅಳೆಯುತ್ತಾನೆ? ನನಗೆ ಭಯವಾಯಿತು. ಒಂಟಿ ಹೆಂಗಸು ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಕೂತಿದ್ದಾಳೆ ಎಂದು ಯಾರಿಗೋ ಗೊತ್ತಾಗಿದೆ. ಮರುದಿನದಿಂದ ಒಂದು ಕಿವಿಗೆ ಮಾತ್ರ ಕೊಳಲು ಹಾಕಿಕೊಂಡೆ. ಇನ್ನೊಂದು ಕಿವಿ ತರಗೆಲೆಯ ಸದ್ದು ಕಾಯುತ್ತಿತ್ತು. ಬಿಸಿಲೂ ಇತ್ತು, ಮರವೂ ಇತ್ತು, ಎದೆ ಮಾತ್ರ ಮೊದಲಿನಂತೆ ಹೊಡೆದುಕೊಳ್ಳತೊಡಗಿತು.

ಮೂರನೇ ಬೆಳಿಗ್ಗೆ ಬೆನ್ನ ಹಿಂದೆ ತರಗೆಲೆ ಸದ್ದಾಯಿತು. ಮೇಲೆದ್ದು ತಿರುಗುವಷ್ಟರಲ್ಲಿ ಪಿಳ್ಳಪ್ಪ ಕೋಲು ಅಡ್ಡ ಹಿಡಿದು ಒಬ್ಬರನ್ನು ಮರಕ್ಕೆ ಒತ್ತಿದ್ದ. "ಯಾರಲಾ ನೀನು? ಯಾವ ಲೇಔಟಿನೋನು?"

ಹೆಲ್ಮೆಟ್ ತೆಗೆದಾಗ ನಮ್ಮ ಯಜಮಾನರ ಮುಖ ಕಂಡಿತು.

ನಮ್ಮ ಮನೆಯವರು ಎಂದಾಗ ಪಿಳ್ಳಪ್ಪ ಕೋಲು ಇಳಿಸಿದ. ಬಂದವರೇ ನನ್ನ ಕಿವಿಯಿಂದ ಇಯರ್‌ಫೋನ್ ಕಿತ್ತು ತಮ್ಮ ಕಿವಿಗೆ ಇಟ್ಟುಕೊಂಡರು. ಯಾರದೋ ದನಿ ಕೇಳುತ್ತದೆ ಎಂದುಕೊಂಡಿದ್ದರು. ಕೊಳಲು ಕೇಳಿತು. ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡೇ ನಿಂತರು, ಕೊಳಲಿನ ಹಿಂದೆ ಯಾರಾದರೂ ಮಾತಾಡಿಯಾರು ಎಂದು ಕಾಯುವವರ ಹಾಗೆ.

ಆಗ ಎಲ್ಲ ಹೇಳಿದೆ. ಎದೆ ಹೊಡೆದುಕೊಂಡದ್ದು, ಇಸಿಜಿ, ಸಿಂಧು ಮೇಡಂ, ಬಿಸಿಲು. ಸಿಟ್ಟಿನಲ್ಲೇ ಹೇಳಿದೆ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಲ್ಲಿಗೂ ಫೋನ್ ಮಾಡಿ ಎಲ್ಲಿದ್ದೀಯ ಅಂತಿದ್ರಿ."

ಅವರು ತಲೆ ತಗ್ಗಿಸಿದರು. "ಇನ್ಮೇಲೆ ಬರಲ್ಲ. ನೀನು ನಿನ್ ಪಾಡಿಗೆ ಕೂತ್ಕೋ," ಎಂದರು. ಮಾತು ಉಳಿಸಿಕೊಂಡರು ಕೂಡ.

ಮರುದಿನ ಹೋಗಿ ಅದೇ ಬೇರಿನ ಮೇಲೆ ಕೂತೆ. ಕಣ್ಣು ಮುಚ್ಚಿದರೆ ಬೆನ್ನ ಹಿಂದೆ ಯಾರೋ ನಿಂತಂತೆ. ತಿರುಗಿದರೆ ಯಾರೂ ಇಲ್ಲ. ಮತ್ತೆ ಮುಚ್ಚಿದೆ, ಮತ್ತೆ ತಿರುಗಿದೆ. ಒಂದು ವಾರ ಹಾಗೇ ಹೆಣಗಾಡಿ ಬಿಟ್ಟುಬಿಟ್ಟೆ.

"ಯಾಕೆ ಹೋಗ್ತಿಲ್ಲ?" ಎಂದು ಊಟದ ಹೊತ್ತಿಗೆ ಯಜಮಾನರು ಕೇಳಿದರು.

"ಮರದಲ್ಲಿ ದೆವ್ವ ಇದೆ ಅಂತ ಅತ್ತೆ ಹೇಳ್ತಿದ್ರಲ್ಲ. ಮುಂಚೆ ಇರ್ಲಿಲ್ಲ, ಈಗ ಇದೆ," ಎಂದೆ.

ಅತ್ತೆ ಹೌದು ಹೌದು ಎಂದು ತಲೆಯಾಡಿಸಿದರು. ಯಜಮಾನರು ಮಾತ್ರ ತುತ್ತು ಎತ್ತಲಿಲ್ಲ.

ಏಪ್ರಿಲ್ ಹೊತ್ತಿಗೆ ನಾನು ಬೇರೆ ಜಾಗ ಹುಡುಕಿಕೊಂಡೆ. ಮತ್ತೆ ಮುಂಚೆ ಹೊರಟೆ, ಮತ್ತೆ ಎರಡೂ ಕಿವಿಗೆ ಕೊಳಲು ಹಾಕಿಕೊಂಡೆ, ಮತ್ತೆ ನಿದ್ದೆ ಬಂತು. ಒಂದು ಸಂಜೆ ನಾನು ಮನೆಗೆ ಬಂದು ಹೆಲ್ಮೆಟ್ ತೆಗೆಯುತ್ತಿದ್ದಾಗ ಯಜಮಾನರು ನನ್ನ ಜಡೆಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಹೊಂಗೆ ಹೂವು. ದೇವನಹಳ್ಳಿಯಿಂದ ಹೊಸಕೋಟೆವರೆಗೆ ಹೊಂಗೆಮರಗಳು ಎಲ್ಲೆಲ್ಲಿವೆ ಎಂದು ಅವರ ಕಣ್ಣು ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು. "ಎಲ್ಲಿ..." ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದರು.

"ಕೈಕಾಲು ತೊಳ್ಕೊಂಡ್ ಬಾ. ಕಾಫಿ ಇಟ್ಟಿದೀನಿ," ಎಂದರು.

ಹೂವು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಕತ್ತಿನ ಪಕ್ಕದ ನರ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ಬಡಿತ ನನಗೆ ಚೆನ್ನಾಗಿ ಗೊತ್ತು. ಪಾಪ ಅನ್ನಿಸಿತು.

"ನಾಳೆ ಬೆಳಿಗ್ಗೆ ಸ್ವಲ್ಪ ಹೊತ್ತು ಮಹಡಿ ಮೇಲೆ ತುಳಸಿ ಪಾಟಿನ ಹತ್ರ ಬಿಸಿಲಲ್ಲಿ ಕೂತ್ಕೊಳ್ಳಿ," ಎಂದೆ. "ಕೊಳಲು ನಿಮ್ಮ ಫೋನಿಗೂ ಹಾಕಿಕೊಡ್ತೀನಿ."

ಹೊಂಗೆಮರ ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ.