ಸೋಮವಾರದ ನಾಲ್ಕು ಡಿಗ್ರಿ

ಹಿರಿಯೂರು ಬೈಪಾಸಿನ ಮಗ್ಗುಲಲ್ಲೇ ಗಿರಿಯಮ್ಮನ ಮಟನ್ ಹೋಟೆಲು. ಒಲೆ ಗಿರಿಯಮ್ಮನದು, ಗಲ್ಲಾ ಮಗ ಮಾರುತೇಶನದು, ಮಿಕ್ಕ ತಲೆನೋವೆಲ್ಲ ಸೊಸೆ ನಾಗಶ್ರೀಯದು. ಆಹಾರ ಸುರಕ್ಷತೆಯ ಅಧಿಕಾರಿ ನಾಗರಾಜಪ್ಪ ಹೋದ ಸಲ ಬಂದಾಗ ಫ್ರಿಜ್ಜಿನಲ್ಲಿ ಹಸಿ ಮಾಂಸ ಮೇಲೆ, ಬೆಂದದ್ದು ಕೆಳಗೆ. ಕಸದ ಡಬ್ಬಿಗೆ ಮುಚ್ಚಳವಿಲ್ಲ. ಕಾಗದಪತ್ರವಂತೂ ಕೇಳಲೇಬೇಡಿ! ಹದಿನೈದು ದಿನದ ನೋಟಿಸು ಬಂತು. ಸರಿಪಡಿಸದಿದ್ದರೆ ಲೈಸೆನ್ಸ್ ಅಮಾನತು, ಬಾಗಿಲಿಗೆ ಬೀಗ.

ಇವತ್ತು ಗಡುವಿನ ಕೊನೆಯ ದಿನ. ನಾಗಶ್ರೀಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಹಸಿ ಮಾಂಸ ಕೆಳಗಿಳಿಸಿದಳು, ಪ್ರತಿ ಡಬ್ಬಿಗೂ ತಾರೀಖಿನ ಚೀಟಿ ಅಂಟಿಸಿದಳು, ಸೊಳ್ಳೆಪರದೆಯನ್ನು ಮೂರು ಸಲ ಎಳೆದು ನೋಡಿದಳು. ಕೆಲಸದವರ ವೈದ್ಯಕೀಯ ಸರ್ಟಿಫಿಕೇಟು, ಕ್ರಿಮಿನಾಶಕ ಹೊಡೆಸಿದ ರಸೀದಿ, ಬೋರ್‌ವೆಲ್ ನೀರಿನ ರಿಪೋರ್ಟು, ಎಲ್ಲ ಫೈಲಿನಲ್ಲಿದ್ದವು. ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚಿತ್ರದುರ್ಗದ ಲ್ಯಾಬಿಗೆ ಹೋದವಳು ಅವಳೇ. ಫ್ರಿಜ್ಜಿನ ಉಷ್ಣತೆಯನ್ನು ದಿನಕ್ಕೆರಡು ಸಲ ಬರೆಯುವ ಕೆಲಸ ಮಾತ್ರ ಗಂಡನಿಗೆ ಬಿಟ್ಟಿದ್ದಳು.

ಆ ಉಷ್ಣತೆಯ ಪುಸ್ತಕ ತೆರೆದು ನೋಡಿದಳು. ಹದಿನೈದು ದಿನಕ್ಕೂ ನಾಲ್ಕು, ನಾಲ್ಕು, ನಾಲ್ಕು. ಒಂದೇ ಪೆನ್ನು, ಒಂದೇ ಓಟ.

"ಒಂದೇ ಏಟಿಗೆ ಗೀಚಿದೀಯಲ್ಲಾ! ಇದೇನು ಬರವಣಿಗೆನೋ, ಭವಿಷ್ಯನೋ? ಇವತ್ತಿನ ಸಂಜೆದೂ ಬರ್ದಿದೀಯ!"

"ಅದೊಂದು ಹೊಡ್ದಾಕು. ಫ್ರಿಜ್ಜು ಚೆನ್ನಾಗೇ ಐತೆ, ಯಾರು ನೋಡ್ತಾರೆ ಬಿಡು," ಎಂದ ಮಾರುತೇಶ.

ಹೊರಗೆ ಜೀಪು ನಿಂತಿತು. ಬರೆದಿಲ್ಲ ಅಂತ ಒಪ್ಪಿಕೊಳ್ಳಲೇ? ನಾಗಶ್ರೀ ಸಂಜೆಯ ನಾಲ್ಕನ್ನು ಹೊಡೆದುಹಾಕಿ, ಪುಸ್ತಕವನ್ನು ಫೈಲಿನ ಮೇಲಿಟ್ಟಳು.

ನಾಗರಾಜಪ್ಪ ಫ್ರಿಜ್ಜಿನೊಳಗೆ ತಮ್ಮದೇ ಥರ್ಮಾಮೀಟರ್ ಇಟ್ಟು ಕಾದರು. ನಾಲ್ಕು ತೋರಿಸಿತು. ಸದ್ಯ! ತಲೆಯಾಡಿಸುತ್ತಾ ಪುಸ್ತಕ ತಿರುವಿದರು.

"ವಾರದ ರಜೆ ಯಾವಾಗಮ್ಮಾ?"

ಗಿರಿಯಮ್ಮ ಸೌಟು ಹಿಡಿದೇ ಮುಂದೆ ಬಂದಳು. "ಸ್ವಾಮಾರ ಸಾರ್. ನಮ್ ಮನ್ಯಾಗೆ ಅವತ್ತು ಮಾಂಸ ಮುಟ್ಟಂಗಿಲ್ಲ. ಭಾನುವಾರನೇ ಫ್ರಿಜ್ಜು ಖಾಲಿ ಮಾಡಿ, ಸ್ವಿಚ್ಚು ಆರ್ಸಿ, ಸ್ವಾಮಾರ ಪೂರ್ತಿ ಬಾಗ್ಲು ತೆಗ್ದು ಒಣಗಿಸ್ತೀವಿ. ಒಂದು ವಾರಾನೂ ತಪ್ಪಿಲ್ಲ ನೋಡ್ರಿ!"

ಮುಖದ ತುಂಬ ಹೆಮ್ಮೆ ಆ ಮುದುಕಿಗೆ. ಅಧಿಕಾರಿಯ ಬೆರಳು ಎರಡು ಸೋಮವಾರಗಳ ಮೇಲೆ ನಿಂತಿತ್ತು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಮಾರುತೇಶ ಗಲ್ಲಾ ಕಡೆ ಜಾರಿದ.

"ಬರೆದಿಲ್ಲ ಅಂದಿದ್ದರೆ ಅದೊಂದೇ ತಪ್ಪು ಅಂತ ಬರೀತಿದ್ದೆ," ಎಂದರು ನಾಗರಾಜಪ್ಪ, ಬೇಸರದಿಂದ. "ಇದು ಸುಳ್ಳು ಅಂದಮೇಲೆ ಇನ್ನು ಎಲ್ಲಾ ಕಾಗದಾನೂ ವಿಚಾರಿಸಬೇಕು. ಅಲ್ಲೀವರೆಗೂ ಲೈಸೆನ್ಸ್ ಅಮಾನತಿಗೆ ಮೇಲಕ್ಕೆ ಬರೀತೀನಿ."

ಫೈಲಿನಿಂದ ನೀರಿನ ರಿಪೋರ್ಟು ಎಳೆದು, ಮೊಹರನ್ನು ಬೆಳಕಿಗೆ ಹಿಡಿದರು.

"ಇದನ್ನ ಯಾರು ಮಾಡಿಕೊಟ್ರಮ್ಮ?"

ಅದು ನಿಜ ಸಾರ್, ನಾನೇ ಹೋಗಿದ್ದೆ ಅನ್ನಬೇಕೆಂದು ನಾಗಶ್ರೀ ಬಾಯಿ ತೆರೆದಳು. ಕಣ್ಣು ಮಾತ್ರ ತೆರೆದೇ ಇದ್ದ ಪುಸ್ತಕದ ಸೋಮವಾರಗಳ ಮೇಲೆ ನಿಂತಿತು.