ತುಟಿಗೆ ಹತ್ತು ನಿಮಿಷ

ಆ ಸುದ್ದಿ ವಾಹಿನಿಯ ಮೇಕಪ್ ಕೋಣೆಯಲ್ಲಿ ಒಂದೇ ಒಂದು ಕಾನೂನಿತ್ತು. ತುಟಿಯ ಕೆಲಸ ನಡೆಯುವಾಗ ಯಾರೂ ಬಾಯಿ ಬಿಡಬಾರದು. ಕಾನೂನು ಮಾಡಿದವಳು ಮೇಕಪ್ ಅಕ್ಕ. ಹತ್ತೊಂಬತ್ತು ವರ್ಷದಿಂದ ಆ ಕನ್ನಡಿಯ ಮುಂದೆ ನಿಂತವಳಾದ್ದರಿಂದ ಸಂಪಾದಕರು ಕೂಡ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡೇ ಕೂರುತ್ತಿದ್ದರು. ಮಾತಾಡಿದರೆ ಗೆರೆ ಕೆಡುತ್ತದೆ ಎಂಬುದು ಅಕ್ಕ ಕೊಡುತ್ತಿದ್ದ ಕಾರಣ. ಸುಳ್ಳೇನಲ್ಲ. ಆದರೆ ಎರಡು ವರ್ಷದಿಂದ ಅದರ ಹಿಂದೆ ಇನ್ನೊಂದು ಕಾರಣ ಅಡಗಿ ಕೂತಿತ್ತು. ಅಕ್ಕನಿಗೆ ಕಿವಿ ಕೇಳುವುದು ಕಡಿಮೆಯಾಗಿತ್ತು.

ಇದು ಯಾರಿಗೂ ಗೊತ್ತಿರಲಿಲ್ಲ. ಮಗಳಿಗೂ ಗೊತ್ತಿರಲಿಲ್ಲ, "ನಿನ್ನ ಮುಖ ನೋಡದೆ ಎರಡು ದಿನ ಆಯ್ತಲ್ಲೇ" ಎಂದು ಅಕ್ಕ ಸದಾ ವಿಡಿಯೋ ಕಾಲನ್ನೇ ಮಾಡುತ್ತಿದ್ದಳು, ಅಮ್ಮನ ಪ್ರೀತಿ ಹೆಚ್ಚಾಗಿದೆಯೆಂದು ಮಗಳು ಹಿಗ್ಗುತ್ತಿದ್ದಳು. ಇಷ್ಟು ವರ್ಷ ನೂರಾರು ತುಟಿಗಳಿಗೆ ಬಣ್ಣ ಹಚ್ಚಿದವಳಿಗೆ ತುಟಿ ನೋಡಿ ಮಾತು ಹಿಡಿಯುವುದು ಯಾರೂ ಕಲಿಸದೆಯೇ ಬಂದುಬಿಟ್ಟಿತ್ತು. ಹಿಂದಿನಿಂದ ಬಂದವರು ಮಾತಾಡಿದರೂ ಕನ್ನಡಿಯಲ್ಲಿ ಅವರ ಬಾಯಿ ಕಾಣುತ್ತದೆ, ಅಷ್ಟು ಸಾಕು. ಉಳಿದದ್ದಕ್ಕೆ "ಹೂಂ" ಎಂಬ ಉತ್ತರ, ಒಂದು ನಗು. ಕಳೆದ ಬೇಸಿಗೆಯಲ್ಲಿ, ಕಣ್ಣು ಮಂಜಾಯಿತೆಂದು ಲೈಟಿಂಗ್‌ನ ಹಿರಿಯರೊಬ್ಬರಿಗೆ ಹಾರ ಹಾಕಿ ಮನೆಗೆ ಕಳಿಸಿದ್ದರು. ಆ ಹಾರ ಕಂಡಾಗಿನಿಂದ ಅಕ್ಕನಿಗೆ ನೆಮ್ಮದಿಯಿಲ್ಲ. ಈ ಕೋಣೆ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಹೊಳೆಯುತ್ತಿರಲಿಲ್ಲ.

ಆ ದಿನ ಹನ್ನೆರಡೂ ಕಾಲಿಗೆ ಹೊಸ ಹುಡುಗಿ ಬಂದು ಕುರ್ಚಿಯಲ್ಲಿ ಕೂತಳು. ಅಲ್ಲಿಯವರೆಗೆ ಡೆಸ್ಕಿನಲ್ಲಿ ಸುದ್ದಿ ಬರೆಯುತ್ತಿದ್ದವಳು, ಆವತ್ತು ಒಂದು ಗಂಟೆಯ ಬುಲೆಟಿನ್ನನ್ನು ಮೊದಲ ಸಲ ಓದುವವಳಿದ್ದಳು. ಕಣ್ಣು, ಕೆನ್ನೆ, ಹಣೆ ಎಲ್ಲ ಚೆನ್ನಾಗಿತ್ತು. ತುಟಿ ನೋಡಿದ ಅಕ್ಕ ಮಾತ್ರ ಅವಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದಳು. ಎರಡೂ ತುಟಿಗಳ ಮೇಲೆ ಸಿಪ್ಪೆ ಎದ್ದಿತ್ತು, ಬಾಯಿಯ ಮೂಲೆಯಲ್ಲಿ ಕೆಂಪಗೆ ಹಸಿಯಾಗಿತ್ತು.

"ಏನು ಮಾಡ್ಕೊಂಡೆ ಇದು?"

"ನಿನ್ನೆ ಸಕ್ಕರೆ, ನಿಂಬೆರಸ ಹಾಕಿ ಉಜ್ಜಿದೆ ಅಕ್ಕಾ. ಹೋಗ್ಲಿಲ್ಲ ಅಂತ ಹಲ್ಲುಜ್ಜೋ ಬ್ರಷ್ಷಲ್ಲೂ ಉಜ್ಜಿದೆ. ಆಮೇಲೆ ಪುದೀನದ್ದು ಬಾಮ್ ಹಚ್ಚಿದೆ, ಉರಿ ಉರಿ."

"ಪಾತ್ರೆ ತಿಕ್ಕೋ ನಾರೊಂದು ಬಾಕಿ ಉಳೀತು ನೋಡು. ಬಿರಿದಿರೋ ತುಟಿಗೆ ಯಾರಾದ್ರೂ ನಿಂಬೆಹಣ್ಣು ಹಿಂಡ್ತಾರಾ?"

ಹುಡುಗಿ ನಗಲು ಹೋಗಿ ತುಟಿ ಎಳೆದು "ಸ್ಸ್" ಎಂದಳು, ಹಾಗೆಯೇ ನಾಲಿಗೆಯಿಂದ ತುಟಿ ಸವರಿಕೊಂಡಳು. "ಅದೇ, ಅದೇ! ನೆಕ್ಕಿದಷ್ಟೂ ಒಣಗುತ್ತೆ" ಎಂದು ಅಕ್ಕ ಅವಳ ಗಲ್ಲಕ್ಕೆ ಮೆಲ್ಲಗೆ ತಟ್ಟಿದಳು. ಸ್ಟುಡಿಯೋದ ಎ.ಸಿ. ಗಾಳಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತು, ಹೆದರಿಕೆಗೆ ತುಟಿ ನೆಕ್ಕುತ್ತಿದ್ದರೆ ಕಲ್ಲೂ ಬಿರಿಯಬೇಕು. ಇದರ ಮೇಲೆ ವಾಹಿನಿಯ ನಿಯಮವೆಂದರೆ ಹೊಳಪಿಲ್ಲದ ಮ್ಯಾಟ್ ಲಿಪ್‌ಸ್ಟಿಕ್ಕೇ ಆಗಬೇಕು. ಹೊಳಪಿನದು ದೀಪದ ಕೆಳಗೆ ಎಣ್ಣೆ ಸುರಿದಂತೆ ಕಾಣುತ್ತದಂತೆ. ಮ್ಯಾಟ್‌ಗೋ ದಯೆ ದಾಕ್ಷಿಣ್ಯ ಇಲ್ಲ. ಒಂದು ಸಿಪ್ಪೆ ಎದ್ದಿದ್ದರೂ ಅದಕ್ಕೇ ಹೋಗಿ ಅಂಟಿಕೊಂಡು ಊರಿಗೆಲ್ಲ ಸಾರುತ್ತದೆ.

"ಈಗ ಹತ್ತು ನಿಮಿಷ ಬಾಯಿ ಮುಚ್ಚಿ ಕೂತ್ಕೋ" ಎಂದು ಅಕ್ಕ ವಾಸನೆಯಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ಹತ್ತಿಯ ಕಡ್ಡಿಯಲ್ಲಿ ತೆಗೆದು ದಪ್ಪಗೆ ಹಚ್ಚಿದಳು. ಅದು ನೆನೆಯುವಷ್ಟರಲ್ಲಿ ಮುಖದ ಕೆಲಸ ಮುಗಿಸುವುದು ಅವಳ ಲೆಕ್ಕ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಸ್ಟುಡಿಯೋದ ಸಮಯ ನೋಡಿಕೊಳ್ಳುವ ಫ್ಲೋರ್ ಮ್ಯಾನೇಜರ್ ತಲೆ ಹಾಕಿದ. ಅವನಿಗೆ ಎರಡು ದಿನದಿಂದ ಜೋರು ಶೀತ. ಬೇರೆಯವರಿಗೆ ಹತ್ತದಿರಲೆಂದು ಮಾಸ್ಕ್ ಹಾಕಿಕೊಂಡಿದ್ದ. ಅಕ್ಕನ ಪಾಲಿಗೆ ಆ ಎರಡು ದಿನ ಅವನು ಬಾಯಿಯೇ ಇಲ್ಲದ ಮನುಷ್ಯನಾಗಿದ್ದ. ಮಾಸ್ಕ್ ಒಳಗೆ ಏನೋ ಅಲುಗಿತು. ಕೈಯಲ್ಲಿ ಒಂದು ಸನ್ನೆಯನ್ನೂ ಮಾಡಿದ. ಅಕ್ಕನಿಗೆ ಕೇಳಿಸಿದ್ದು ದೂರದ ಫ್ಯಾನಿನಂಥ ಗುಂಯ್‌ಗುಡುವಿಕೆ ಮಾತ್ರ.

"ಹೂಂ, ಆಯ್ತಪ್ಪಾ" ಎಂದಳು. ಅವನು ಬಾಗಿಲೆಳೆದುಕೊಂಡು ಹೋದ.

ಹೋದ ಮೇಲೆ ಸುಮ್ಮನಿರಲಾಗಲಿಲ್ಲ. ಏನು ಹೇಳಿದ? ನೀರು ಬೇಕೇ ಎಂದನೇ, ಸೀರೆಯ ಬಣ್ಣ ಬದಲಾಯಿತು ಎಂದನೇ? ಹುಡುಗಿಯನ್ನು ಕೇಳೋಣವೆಂದರೆ ಎರಡು ಹೆಜ್ಜೆ ದೂರದಲ್ಲಿ ಆಡಿದ ಮಾತನ್ನು ಏಕೆ ಕೇಳುತ್ತೀರಿ ಎಂದಾಳು. ಗುಟ್ಟು ರಟ್ಟಾಗಲು ಅಷ್ಟು ಸಾಕು. ಮುಖ್ಯವಾದದ್ದಾದರೆ ಇನ್ನೊಮ್ಮೆ ಬಂದೇ ಬರುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸಮಾಧಾನ ಒಳಗೆ ಇಳಿಯಲಿಲ್ಲ. ಪೌಡರ್ ಹಾಕುವ ಕೈ ಎಂದಿಗಿಂತ ಜೋರಾಗಿ ಓಡಿತು. ಕನ್ನಡಿಯಲ್ಲಿ ಹುಡುಗಿಯ ಕಣ್ಣು ಗೋಡೆ ಗಡಿಯಾರಕ್ಕೆ ಹೋಗಿ ಬಂತು, ಮತ್ತೆ ಹೋಯಿತು. ಮೊದಲ ದಿನದ ಪುಕುಪುಕು ಇರಬೇಕು ಎಂದುಕೊಂಡಳು ಅಕ್ಕ.

ಹತ್ತು ನಿಮಿಷವಾದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ತುಟಿಯ ಮೇಲೆ ಒತ್ತಿ ಹಿಡಿದು, ಬೆರಳ ತುದಿಯಿಂದ ಸಣ್ಣ ಸಣ್ಣ ಸುತ್ತು ತಿರುಗಿಸಿದಳು. ಬಿಡಲು ಸಿದ್ಧವಾಗಿದ್ದ ಸಿಪ್ಪೆ ತಾನೇ ಉರುಳಿ ಬಂತು. ಕೆಳತುಟಿಯ ನಡುವೆ ಒಂದು ಚೂರು ಮಾತ್ರ ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅಂಥದ್ದನ್ನು ಎಳೆಯಬಾರದು. "ಇನ್ನೊಂದು ಸಲ ನೆನೆಯಲಿ, ಟೈಮಿದೆ" ಎಂದು ಮತ್ತೆ ಜೆಲ್ಲಿ ಹಚ್ಚಿ, ಬ್ರಷ್ ತೊಳೆಯಲು ಮೂಲೆಯ ಸಿಂಕಿಗೆ ಹೋದಳು. ಸಿಂಕಿನ ಮುಂದೆ ಕನ್ನಡಿಯಿರಲಿಲ್ಲ.

ಬ್ರಷ್ ಒರೆಸಿ ತಿರುಗಿ ನೋಡಿದಳು. ಹುಡುಗಿ ಉಗುರಿನಿಂದ ಆ ಚೂರನ್ನು ಕಿತ್ತುಬಿಟ್ಟಿದ್ದಳು. ಕೆಳತುಟಿಯಲ್ಲಿ ಸಾಸಿವೆಯಷ್ಟು ರಕ್ತ ನಿಂತಿತ್ತು.

"ಕೈಗೇನು ಬಂತೇ ನಿಂಗೆ! ಇನ್ನೂ ಇಪ್ಪತ್ನಾಲ್ಕು ನಿಮಿಷ ಇದೆ, ಅಷ್ಟರಲ್ಲಿ—"

ಹುಡುಗಿಯ ತುಟಿ ನಡುಗುತ್ತಿತ್ತು. ಆದರೂ ಅಕ್ಕ ಒಂದಕ್ಷರ ಬಿಡದೆ ಓದಿಕೊಂಡಳು. "ಇಪ್ಪತ್ನಾಲ್ಕಲ್ಲ ಅಕ್ಕಾ, ಒಂಬತ್ತು. ಒಂದು ಗಂಟೆಗೆ ಮಂತ್ರಿಗಳ ಪತ್ರಿಕಾಗೋಷ್ಠಿ ಲೈವ್ ಇದೆ, ಬುಲೆಟಿನ್ ಹನ್ನೆರಡೂ ಮುಕ್ಕಾಲಿಗೇ ಅಂತ ಆಗಲೇ ಹೇಳಿದ್ರಲ್ಲ. ನೀವು ಆಯ್ತು ಅಂದ್ರಿ. ಆಮೇಲೆ ನಾನು ಮೂರು ಸಲ ಕರೆದೆ. ಕೋಪ ಬಂದಿದೆ ಅಂದ್ಕೊಂಡೆ."

ಅಕ್ಕನ ಕಣ್ಣು ಗಡಿಯಾರಕ್ಕೆ ಹೋಯಿತು. ಹುಡುಗಿ ಅವಳ ಮುಖವನ್ನೇ ನೋಡಿದಳು. ಡೆಸ್ಕಿನಲ್ಲಿ ಕೂತು ಚುಕ್ಕಿಗೆ ಚುಕ್ಕಿ ಸೇರಿಸಿ ಸುದ್ದಿ ಮಾಡಿದವಳು ತಾನೇ.

"ಅಕ್ಕಾ," ಎಂದಳು, ಈ ಸಲ ನಿಧಾನವಾಗಿ, ಬಾಯಿ ಅಗಲಿಸಿ. "ನಿಮಗೆ ಕೇಳಿಸಲ್ವಾ?"

ಎರಡು ವರ್ಷ ಬೆವರು ಸುರಿಸಿ ಕಟ್ಟಿದ್ದ ಗೋಡೆ ಒಂದೇ ಪ್ರಶ್ನೆಗೆ ಬಿತ್ತು. ನಾಚಿಕೆಯಿಂದ ಅಕ್ಕನ ಕಿವಿ, ಆ ಕೆಲಸಕ್ಕೆ ಬಾರದ ಕಿವಿಯೇ, ಬಿಸಿಯಾಯಿತು. ಅಳು ಬಂತು. ಆದರೆ ಗಡಿಯಾರದಲ್ಲಿ ಈಗ ಎಂಟು ನಿಮಿಷವಿತ್ತು, ತನ್ನ ತಪ್ಪಿಗೆ ಈ ಹುಡುಗಿಯ ಮೊದಲ ದಿನ ಮಣ್ಣಾಗುವುದರಲ್ಲಿತ್ತು.

"ತುಟಿ ಕಂಡರೆ ಕೇಳಿಸುತ್ತೆ" ಎಂದಳು. "ಈಗ ಅಲುಗಾಡಬೇಡ."

ಫ್ರಿಜ್ಜಿನಿಂದ ಮಂಜುಗಡ್ಡೆಯ ತುಂಡು ತೆಗೆದು ಶುದ್ಧ ಬಟ್ಟೆಯಲ್ಲಿ ಸುತ್ತಿ ರಕ್ತ ಬಂದ ಜಾಗಕ್ಕೆ ಒತ್ತಿದಳು. ಇಣುಕಿ ನೋಡುವ ಆಸೆಯಾದರೂ ಎರಡು ನಿಮಿಷ ಕೈ ತೆಗೆಯಲಿಲ್ಲ. ತೆಗೆದು ತೆಗೆದು ನೋಡಿದರೆ ರಕ್ತ ನಿಲ್ಲುವುದಿಲ್ಲ. ಕಾಲು ಮಾತ್ರ ತಾನಾಗಿ ನೆಲ ಕುಟ್ಟುತ್ತಿತ್ತು. ರಕ್ತ ನಿಂತಿತು. ಗಾಯದ ಮೇಲೆ ಚುಕ್ಕೆಯಷ್ಟು ಜೆಲ್ಲಿ ಬಿಟ್ಟು, ಉಳಿದ ಕಡೆ ಟಿಶ್ಯೂ ಇಟ್ಟು ಒತ್ತಿ ಒತ್ತಿ ಜಿಡ್ಡೆಲ್ಲ ತೆಗೆದಳು. ಜಿಡ್ಡಿನ ಮೇಲೆ ಮ್ಯಾಟ್ ನಿಲ್ಲದು, ಜಾರುತ್ತದೆ. ಎಲ್ಲರಿಗೂ ಹಚ್ಚುವ ದ್ರವದ ಲಿಪ್‌ಸ್ಟಿಕ್ ಕೈಗೆ ಬಂತು, ಅದನ್ನು ಬದಿಗಿಟ್ಟಳು. ಅದು ಒಣಗಿದ ಮೇಲೆ ತುಟಿಯನ್ನು ಹಿಡಿದೆಳೆಯುತ್ತದೆ, ಮೂರನೇ ಸುದ್ದಿಗೆಲ್ಲ ಗಾಯ ಬಾಯಿ ಬಿಡುತ್ತದೆ. ಮೆತ್ತಗಿನ, ಮರೂನ್ ಬಣ್ಣದ ಕಡ್ಡಿ ರೂಪದ ಮ್ಯಾಟನ್ನು ಚಾಕುವಿನ ತುದಿಯಿಂದ ಕೆರೆದು ತಟ್ಟೆಗೆ ಹಾಕಿ, ಹೊಸ ಬ್ರಷ್ ಬಿಚ್ಚಿದಳು. ಪೆನ್ಸಿಲಿನಿಂದ ಅಂಚು ಎಳೆದು, ಬ್ರಷ್ಷಿನಿಂದ ತೆಳ್ಳಗೆ ಒಂದು ಪದರ, ಎಳೆಯದೆ, ತಟ್ಟಿ ತಟ್ಟಿ. ಗಾಯದ ಚುಕ್ಕೆಯನ್ನು ಮುಟ್ಟದೆ ಸುತ್ತಲೂ ಬಣ್ಣ ತಂದು ನಿಲ್ಲಿಸಿದಳು; ಮರೂನಿನ ನಡುವೆ ಕೆಂಪು ಚುಕ್ಕೆಯನ್ನು ಯಾವ ಕ್ಯಾಮೆರಾ ಕಂಡೀತು? ಟಿಶ್ಯೂ ಒತ್ತಿ, ಮತ್ತೊಂದು ತೆಳು ಪದರ. ಅಷ್ಟೂ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕಾನೂನು ಈಗ ಬರೀ ತುಟಿಗಾಗಿತ್ತು.

"ನೆಕ್ಕಬೇಡ. ಬಾಯಾರಿದ್ರೆ ಸ್ಟ್ರಾನಲ್ಲಿ ಕುಡಿ" ಎಂದು ಅವಳ ಕೈಗೆ ನೀರಿನ ಬಾಟಲಿ ಕೊಟ್ಟಳು. ಹುಡುಗಿ ಎದ್ದವಳೇ ಓಡಿದಳು. ಅವಳು ಯಾರಿಗೆ ಏನು ಹೇಳುತ್ತಾಳೋ ಎಂದು ಕೇಳಲು ಅಕ್ಕನಿಗೆ ಧೈರ್ಯವಾಗಲಿಲ್ಲ.

ಎಂದಿನಂತೆ ಕಂಟ್ರೋಲ್ ರೂಮಿನ ಹಿಂದಿನ ಗೋಡೆಗೆ ಒರಗಿ ಅಕ್ಕ ಮಾನಿಟರ್ ನೋಡುತ್ತ ನಿಂತಳು. ತೆರೆಯ ಮೇಲೆ ಮುಖ ಅಷ್ಟಗಲ. ಮೊದಲ ಸುದ್ದಿ, ಎರಡನೇ ಸುದ್ದಿ. ತುಟಿಯಲ್ಲಿ ಒಂದು ಎಳೆಯೂ ಎದ್ದಿರಲಿಲ್ಲ. ಪ, ಬ, ಮ ಬಂದಾಗಲೆಲ್ಲ ತುಟಿ ಕೂಡುತ್ತಿತ್ತು, ಸಲೀಸಾಗಿ ಬಿಡುತ್ತಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಅಕ್ಕ ಹನ್ನೆರಡು ನಿಮಿಷ ಕಳೆದಳು. ಹುಡುಗಿ ಒಂದು ಸಲವೂ ತುಟಿ ನೆಕ್ಕಲಿಲ್ಲ.

ಬುಲೆಟಿನ್ ಮುಗಿಯಿತು. ಮೈಕ್ ಬಂದ್ ಆಗಿ ಸಂಗೀತ ಬರುವ ಹೊತ್ತು ಅದು. ಓದಿದವರು ಹಾಳೆ ಜೋಡಿಸುತ್ತ ಏನಾದರೂ ಅಂದರೂ ಯಾರಿಗೂ ಕೇಳಿಸುವುದಿಲ್ಲ. ಹುಡುಗಿ ಹಾಳೆ ಜೋಡಿಸಿ ನೆಟ್ಟಗೆ ಕ್ಯಾಮೆರಾ ನೋಡಿದಳು. ಅವಳ ತುಟಿ ನಿಧಾನವಾಗಿ, ಬಿಡಿಬಿಡಿಯಾಗಿ ಅಲುಗಿತು.

"ಅಕ್ಕಾ, ಒಂಚೂರೂ ಉರಿ ಇಲ್ಲ. ನಾನು ಯಾರಿಗೂ ಹೇಳಲ್ಲ. ಸಂಜೆ ಕಿವಿ ಡಾಕ್ಟರ ಹತ್ರ ನಾನೂ ಬರ್ತೀನಿ."

ಕಂಟ್ರೋಲ್ ರೂಮಿನಲ್ಲಿ ಆರು ಜನರಿದ್ದರು, ಆರೂ ಜನರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಒಬ್ಬರಿಗೂ ಗೊತ್ತಾಗಲಿಲ್ಲ. ಅಕ್ಕನ ಕಣ್ಣು ತುಂಬಿ ಬಂತು. ಯಾರಿಗೂ ಹೇಳುವುದಿಲ್ಲವಂತೆ. ಹಾಗಾದರೆ ನಾಳೆಯೂ ಮಾಸ್ಕ್ ಬರುತ್ತದೆ, ನಾಳೆಯೂ ಹೂಂ ಎನ್ನಬೇಕು, ನಾಳೆ ಯಾರ ತುಟಿಯಲ್ಲಿ ರಕ್ತ ಬರುತ್ತದೋ. ಅಷ್ಟು ಪ್ರೀತಿಯಿಂದ ಬಂದ ಮಾತು ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತು.

ಫ್ಲೋರ್ ಮ್ಯಾನೇಜರ್ ಒಳಗೆ ಬಂದು ಹೆಬ್ಬೆರಳು ಎತ್ತಿ ತೋರಿಸಿದ. ಆಮೇಲೆ ಮಾನಿಟರಿನ ಕಡೆ ಬೆರಳು ಮಾಡಿ ಏನೋ ಕೇಳಿದ. ಮಾಸ್ಕ್ ಅಲುಗಿತು. ರೂಢಿಯ ಹೂಂ ಅಕ್ಕನ ತುಟಿಯವರೆಗೂ ಬಂತು. ನುಂಗಿದಳು.

"ಆ ಮಾಸ್ಕ್ ಕೆಳಗಿಳಿಸಿ ಹೇಳಪ್ಪಾ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಂಗೆ ಕಿವಿ ಕೇಳಿಸಲ್ಲ."