ಏಳು ಗುಳಿಗೆಯ ಫೋಟೋ

ಗುರುವಾರ ಮಧ್ಯಾಹ್ನ ತಮ್ಮ ಹುಲಗೇಶನ ಫೋಟೋ ಬಂದಾಗ ನೀಲಾ ಹುಬ್ಬಳ್ಳಿ ಬೆಂಗೇರಿಯ ಔಷಧ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಎಣಿಸುತ್ತಿದ್ದಳು. ಉಪ್ಪಿನಬೆಟಗೇರಿಯಲ್ಲಿ ಅವನೊಂದಿಗಿರುವ ಅವ್ವ ಸಾವಂತ್ರೆವ್ವನ ಫಿಟ್ಸ್ ಗುಳಿಗೆಯ ಸ್ಟ್ರಿಪ್ಪು. ಕೆಳಗೆ ಒಂದು ಸಾಲು: ‘ಏಳು ಉಳದಾವ. ಮುಂದಿನ ಬುಧವಾರದ ತನಕ ಚಿಂತಿಲ್ಲ.’

ಗುಳಿಗೆ ದಿನಕ್ಕೆ ಎರಡು, ಮುಂಜಾನೆ ಒಂದು, ರಾತ್ರಿ ಒಂದು. ಏಳು ಅಂದರೆ ಮೂರೂವರೆ ದಿನ, ರವಿವಾರ ರಾತ್ರಿಗೆ ಖಾಲಿ. ಇವನಿಗೆ ಅಷ್ಟೂ ತಿಳಿಯದೇ ಎಂದುಕೊಂಡವಳಿಗೆ ಮತ್ತೊಂದು ಸಂಶಯ ಚುಚ್ಚಿತು. ಸೋಮವಾರ ಮಧ್ಯಾಹ್ನ ಅವನೇ ಕಳಿಸಿದ್ದ ಫೋಟೋ ತೆಗೆದಳು. ಆಗ ಹತ್ತೂ ತುಂಬಿದ್ದವು. ಅಂದಿನ ರಾತ್ರಿಯಿಂದ ಇವತ್ತು ಮುಂಜಾನೆಯ ತನಕ ಆರು ಹೋಗಬೇಕು, ನಾಲ್ಕು ಉಳಿಯಬೇಕು.

ತಾನೇ ತಪ್ಪಿರಬೇಕು ಎಂದು ಬೆರಳು ಮಡಚಿ ಮತ್ತೆ ಎಣಿಸಿದಳು. ಫೋಟೋ ದೊಡ್ಡದು ಮಾಡಿದಳು. ಸ್ಟ್ರಿಪ್ಪಿನಲ್ಲಿ ಒಡೆದ ಗೂಡುಗಳು ಮೂರೇ. ಮೂರು ರಾತ್ರಿಗೆ ಮೂರು. ತಮ್ಮನಿಗೆ ಫೋನ್ ಹಚ್ಚಿದಳು.

“ಹುಲಗ್ಯಾ, ಮುಂಜಾನೆ ಗುಳಿಗಿ ಯಾಕ ಕೊಟ್ಟಿಲ್ಲ?”

ಅತ್ತ ಅವನು ದುಡಿಯುವ, ಊರ ಸಮೀಪದ ಬೇಲೂರಿನ ಕಾರ್ಖಾನೆಯ ಸದ್ದು. “ಸೋಮವಾರದಿಂದ ಒಂದಽ ಹೊತ್ತು ಕೊಡಾಕತ್ತೇನಿ ಅಕ್ಕಾ. ಆರು ತಿಂಗಳಾತು, ಅವ್ವಗ ಫಿಟ್ಸ್ ಬಂದಿಲ್ಲ, ಏನೂ ಆಗಿಲ್ಲ. ಎರಡೆರಡು ಕೊಟ್ರ ಗುಳಿಗಿ ತರಾಕ ಶಿಫ್ಟ್ ಬಿಟ್ಟು ಹುಬ್ಬಳ್ಳಿಗೆ ಓಡೂದಽ ಆಗತೈತಿ.”

“ಗುಳಿಗಿ ನುಂಗಿದ್ದಕ್ಕ ಏನೂ ಆಗಿಲ್ಲ, ಮೂಢಾ. ಯಾವ ಡಾಕ್ಟರ್ ಹೇಳ್ಯಾರ ನಿನಗ?”

“ನೀ ಅಂಗಡ್ಯಾಗ ಕುಂತು ಡಾಕ್ಟರಾಗೀಯಲ್ಲ, ನೀನಽ ಹೇಳು.”

ಅವಳು ಫೋನ್ ಇಟ್ಟು ನೇರ ಅವ್ವನ ಡಾಕ್ಟರಿಗೆ ಹಚ್ಚಿದಳು. ಬಿಟ್ಟದ್ದನ್ನು ಒಟ್ಟಿಗೆ ಕೊಡಬೇಡಿ, ಇವತ್ತು ರಾತ್ರಿಯಿಂದ ಮೊದಲಿನ ಹಾಗೆಯೇ ಎರಡು ಹೊತ್ತು, ಒಂದೂ ತಪ್ಪಬಾರದು ಎಂದರು ಅವರು. ಆಮೇಲೆ ಅವ್ವನಿಗೆ ಫೋನ್ ಹಚ್ಚಿ ಎಲ್ಲವನ್ನೂ ಹೇಳಿದಳು.

“ಡಾಕ್ಟರ್ ಕಡಿಮಿ ಮಾಡ್ಯಾರ ಅಂದಿದ್ನಲ್ಲ ಇವ,” ಎಂದಳು ಸಾವಂತ್ರೆವ್ವ. “ಒಲಿ ಮುಂದ ಕೂಡಾಕಿ ನಾನು. ಬೆಂಕ್ಯಾಗ ಬಿದ್ದಿದ್ರ ಆವಾಗ ಫೋಟೋ ತಗೀತಿದ್ನೇನು?”

ತಮ್ಮನ ಸೋಂಬೇರಿತನಕ್ಕೆ ಬೈಯಬಹುದಿತ್ತು. ಸುಳ್ಳಿಗೆ ಏನು ಬೈಯುವುದು?

“ಆ ಸ್ಟ್ರಿಪ್ ಅವನ ಕೈಯಾಗಿಂದ ಇಸಕೋ ಯವ್ವಾ.”

“ಇಸಕೊಳ್ಳೂದೇನು, ಕಸಗೋತೇನಿ.”

ಶುಕ್ರವಾರ ಮುಂಜಾನೆ ಫೋಟೋ ಬಂತು, ಈ ಸಲ ಅವ್ವನ ಫೋನಿನಿಂದ. ಮಸುಕು ಮಸುಕು, ಅರ್ಧಕ್ಕೆ ಹೆಬ್ಬೆಟ್ಟೇ ತುಂಬಿತ್ತು. ನೀಲಾ ಎರಡು ಸಲ ಎಣಿಸಿದಳು. ಐದು. ರಾತ್ರಿಯದೂ ಮುಂಜಾನೆಯದೂ ಹೋಗಿವೆ.

ತಮ್ಮನಿಗೆ ಬರೆದಳು: ‘ರವಿವಾರ ರಾತ್ರಿಗೆ ಮುಗೀತಾವ. ನೀ ಬರಬ್ಯಾಡ. ಶನಿವಾರ ನಾನಽ ತರತೇನಿ. ಮನ್ಯಾಗ ಇರು, ಮಾತಾಡೂದೈತಿ.’